ಕಾರ್ಬನ್ ಇಲ್ಲದ ಮೋಟಾರಿನ ಆರು ಹೆಜ್ಜೆ

ಮಿಕ್ಸಿಯಿಂದ ಕಿಡಿ ಹಾರಿ, ಸುಟ್ಟ ವಾಸನೆ ಬಂದು, ರಿಪೇರಿಯವನು ‘ಕಾರ್ಬನ್ ಸವೆದಿದೆ’ ಎಂದು ಹೇಳಿದ್ದು ಬಹುಪಾಲು ಮನೆಗಳ ಅನುಭವ. ಆ ಕಾರ್ಬನ್ ತುಂಡುಗಳ ಕೆಲಸ, ತಿರುಗುತ್ತಿರುವ ಸುರುಳಿಗಳಿಗೆ ಕರೆಂಟು ಮುಟ್ಟಿಸುವುದಷ್ಟೇ ಅಲ್ಲ. ಯಾವ ಕ್ಷಣದಲ್ಲಿ ಯಾವ ಸುರುಳಿಗೆ ಎಂದು ಸರದಿ ಬದಲಿಸುವುದೂ ಹೌದು. ಎಲೆಕ್ಟ್ರಿಕ್ ಸ್ಕೂಟರಿನ ಚಕ್ರದೊಳಗೇ ಕೂತಿರುವ ಹಬ್ ಮೋಟಾರಿನಲ್ಲಿ ಕಾರ್ಬನ್ ಇಲ್ಲ. ಹಾಗಾದರೆ ಸರದಿ ಕಾಯುವವರು ಯಾರು?

ಸೀಟಿನ ಕೆಳಗಿರುವ ಅಲ್ಯೂಮಿನಿಯಂ ಪೆಟ್ಟಿಗೆ. ಗ್ಯಾರೇಜಿನವರ ಬಾಯಲ್ಲಿ ಅದು ‘ಕಂಟ್ರೋಲರ್’.

ಹಬ್ ಮೋಟಾರನ್ನು ಬಿಚ್ಚಿದರೆ ಸುರುಳಿಗಳು ನಡುವಿನ ಅಚ್ಚಿಗೆ ಅಂಟಿಕೊಂಡು ಅಲುಗಾಡದೆ ಇರುತ್ತವೆ. ಅವುಗಳ ಸುತ್ತ ತಿರುಗುವುದು ಹೊರಗಿನ ಡಬ್ಬಿ. ಅದರ ಒಳಮೈಗೆ ಅಯಸ್ಕಾಂತದ ಪಟ್ಟಿಗಳನ್ನು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಸಾಲಾಗಿ ಅಂಟಿಸಿರುತ್ತಾರೆ. ಸುರುಳಿಗಳೆಲ್ಲ ಮೂರು ಗುಂಪಾಗಿ, ಮೂರು ದಪ್ಪ ವೈರುಗಳಾಗಿ ಹೊರಬರುತ್ತವೆ. ಸಾಮಾನ್ಯವಾಗಿ ಅವು ಹಳದಿ, ಹಸಿರು, ನೀಲಿ.

ಕಂಟ್ರೋಲರಿನಲ್ಲಿ ಪ್ರತಿ ವೈರಿಗೂ ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳ ಜೋಡಿ ಇದೆ. ಮೇಲಿನದು ಬ್ಯಾಟರಿಯ ಪ್ಲಸ್‌ಗೆ, ಕೆಳಗಿನದು ಮೈನಸ್‌ಗೆ. ಯಾವುದೇ ಕ್ಷಣ ಕರೆಂಟು ಒಂದು ವೈರಿನಿಂದ ಒಳಹೋಗಿ ಇನ್ನೊಂದರಿಂದ ಹೊರಬರುತ್ತದೆ, ಮೂರನೆಯದು ಸುಮ್ಮನಿರುತ್ತದೆ. ಮೊದಲು ಹಳದಿಯಿಂದ ಹಸಿರಿಗೆ, ಆಮೇಲೆ ಹಳದಿಯಿಂದ ನೀಲಿಗೆ, ಹಸಿರಿನಿಂದ ನೀಲಿಗೆ, ಹಸಿರಿನಿಂದ ಹಳದಿಗೆ, ನೀಲಿಯಿಂದ ಹಳದಿಗೆ, ನೀಲಿಯಿಂದ ಹಸಿರಿಗೆ. ಆರು ಹೆಜ್ಜೆ ಮುಗಿದರೆ ಮತ್ತೆ ಮೊದಲಿನಿಂದ. ಒಂದೊಂದು ಹೆಜ್ಜೆಗೂ ಸುರುಳಿಗಳ ಸೆಳೆತ ಸ್ವಲ್ಪ ಮುಂದೆ ಜರುಗುತ್ತದೆ. ಅಯಸ್ಕಾಂತ ಅದನ್ನು ಹಿಡಿಯಲು ಓಡುತ್ತದೆ, ಹತ್ತಿರವಾಗುವಷ್ಟರಲ್ಲಿ ಸೆಳೆತ ಇನ್ನೂ ಮುಂದಕ್ಕೆ ಹೋಗಿರುತ್ತದೆ. ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರಲ್ಲ, ಹಾಗೆ!

ಆದರೆ ಸೆಳೆತವನ್ನು ಯಾವಾಗ ಜರುಗಿಸಬೇಕು? ಬೇಗ ಜರುಗಿಸಿದರೂ ತಡವಾದರೂ ಎಳೆತ ಕುಗ್ಗುತ್ತದೆ. ಅದಕ್ಕೇ ಸುರುಳಿಗಳ ಅಂಚಿನಲ್ಲಿ ಹಾಲ್ ಸೆನ್ಸರ್ ಎಂಬ ಮೂರು ಪುಟ್ಟ ಬಿಡಿಭಾಗಗಳನ್ನು ಕೂರಿಸಿರುತ್ತಾರೆ. ಎದುರಿಗೆ ಬಂದಿರುವುದು ಉತ್ತರವೋ ದಕ್ಷಿಣವೋ ಎನ್ನುವುದನ್ನು ಅವು 1 ಅಥವಾ 0 ಎಂದು ತಿಳಿಸುತ್ತವೆ. ಮೂರೂ ಸೇರಿದರೆ 101, 100, 110, 010, 011, 001 ಎಂಬ ಆರು ಸಂಕೇತಗಳು, ಒಂದೊಂದಕ್ಕೂ ಒಂದು ಹೆಜ್ಜೆ. ಸಾಮಾನ್ಯ ಜೋಡಣೆಯಲ್ಲಿ 000 ಮತ್ತು 111 ಬರುವುದೇ ಇಲ್ಲ. ಬಂದರೆ ಏನೋ ಕೆಟ್ಟಿದೆ ಎಂದು ಕಂಟ್ರೋಲರಿಗೆ ಗೊತ್ತಾಗುತ್ತದೆ.

46 ಅಯಸ್ಕಾಂತಗಳಿರುವ ಮೋಟಾರನ್ನೇ ನೋಡಿ. ಇದು ಸಾಮಾನ್ಯವಾಗಿ ಕಾಣುವ ಬಗೆ. ಅಂದರೆ 23 ಜೋಡಿ. ಪ್ರತಿ ಜೋಡಿ ದಾಟಲು ಆರು ಹೆಜ್ಜೆಯಾದರೆ ಚಕ್ರದ ಒಂದು ಸುತ್ತಿಗೆ 138 ಹೆಜ್ಜೆ. ಟೈರಿನ ಸುತ್ತಳತೆ 1.35 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಐದು ಸುತ್ತಿಗಿಂತ ತುಸು ಹೆಚ್ಚು ಹಾಕುತ್ತದೆ. ಅಷ್ಟರಲ್ಲಿ ಕಂಟ್ರೋಲರು ಸುಮಾರು 700 ಸಲ ಸರದಿ ಬದಲಿಸಿರುತ್ತದೆ. ಮಿಕ್ಸಿಯ ಕಾರ್ಬನ್ನಿನಂತೆ ಉಜ್ಜಿ ಸವೆಯುವುದು ಇಲ್ಲಿ ಏನೂ ಇಲ್ಲ.

ಸವೆಯದಿದ್ದರೂ ಕೆಡುವುದಂತೂ ಉಂಟು. ಸಿಗ್ನಲ್ಲಿನಲ್ಲಿ ನಿಂತ ಸ್ಕೂಟರು ಹಸಿರು ದೀಪ ಬಂದಾಗ ಗಡಗಡ ನಡುಗಿ ಅಲ್ಲೇ ನಿಲ್ಲುತ್ತದೆ. ಕಾಲಿನಿಂದ ಒಂದಿಷ್ಟು ತಳ್ಳಿದರೆ ಹೊರಡುತ್ತದೆ. ಇದು ಹೆಚ್ಚಾಗಿ ಹಾಲ್ ಸೆನ್ಸರಿನ ದೋಷ. ಮೂರನೆಯ ಸೆನ್ಸರ್ ಸದಾ 0 ಎನ್ನುತ್ತಿದೆ ಎಂದುಕೊಳ್ಳಿ. ಆಗ 101 ಹೋಗಿ 100 ಆಗುತ್ತದೆ, 011 ಹೋಗಿ 010. ಆ ಎರಡು ಜಾಗಗಳಲ್ಲಿ ತಪ್ಪು ಹೆಜ್ಜೆ ಬಿದ್ದು ಎಳೆತ ಕುಗ್ಗುತ್ತದೆ. 001 ಮಾತ್ರ 000 ಆಗಿಬಿಡುತ್ತದೆ, ಅಲ್ಲಿ ಕಂಟ್ರೋಲರು ಕೈಚೆಲ್ಲುತ್ತದೆ. ಚಕ್ರ ನಿಂತದ್ದು ಆ ಜಾಗದಲ್ಲಾದರೆ ಗಾಡಿ ಹೊರಡದು. ಓಡುತ್ತಿದ್ದರೆ ಅದೇ ರಭಸದಲ್ಲಿ ಆ ಜಾಗ ದಾಟಿಹೋಗುತ್ತದೆ.

ಪರೀಕ್ಷೆ ಸುಲಭ. ತೆಳು ವೈರುಗಳ ಕನೆಕ್ಟರ್ ಸಿಕ್ಕಿಸಿಯೇ ಇಟ್ಟು, ಗಾಡಿ ಆನ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ, ಸ್ಟ್ಯಾಂಡ್ ಮೇಲಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಮೂರೂ ಸೆನ್ಸರಿನ ವೈರುಗಳನ್ನು ಮೆಕ್ಯಾನಿಕ್ ಒಂದೊಂದಾಗಿ ಮಲ್ಟಿಮೀಟರಿನಲ್ಲಿ ನೋಡುತ್ತಾನೆ. ಓದು ಸೊನ್ನೆಯ ಹತ್ತಿರಕ್ಕೂ 5 ವೋಲ್ಟಿನ ಹತ್ತಿರಕ್ಕೂ ಹೋಗಿಬರುತ್ತಿರಬೇಕು. ಯಾವುದು ಕದಲದೋ ಆ ಸೆನ್ಸರಿನಲ್ಲೋ ಅದರ ವೈರಿನಲ್ಲೋ ದೋಷ.

ಇನ್ನೊಂದು ತೊಂದರೆ ಕೈಗೇ ಗೊತ್ತಾಗುತ್ತದೆ. ಗಾಡಿ ಆಫ್ ಇದ್ದರೂ ಚಕ್ರ ಬಿಗಿಯಾಗಿ, ತಡೆತಡೆದು ತಿರುಗುತ್ತದೆ. ಮಾಸ್ಫೆಟ್‌ಗಳು ಶಾರ್ಟ್ ಆಗಿದ್ದರೆ ಚಕ್ರ ತಳ್ಳಿದಾಗ ಸುರುಳಿಗಳಲ್ಲಿ ಹುಟ್ಟುವ ಕರೆಂಟು ಅಲ್ಲೇ ಸುತ್ತಿ, ಬ್ರೇಕು ಹಾಕಿದಂತಾಗುತ್ತದೆ. ಮೂರು ದಪ್ಪ ವೈರುಗಳನ್ನು ಬಿಡಿಸಿ, ತುದಿಗಳು ಒಂದಕ್ಕೊಂದು ತಾಗದಂತೆ ಹಿಡಿದು ಮತ್ತೆ ತಿರುಗಿಸಬೇಕು. ಚಕ್ರ ಹಗುರಾದರೆ ಕಂಟ್ರೋಲರಿನ ತಪ್ಪು. ಬಿಗಿ ಹಾಗೇ ಉಳಿದರೆ ಸುರುಳಿಯದೋ ಬೇರಿಂಗಿನದೋ.

ಹೊಸ ಮೋಟಾರು ಹಾಕಿಸಿ ಎಂದು ಯಾರಾದರೂ ಹೇಳಿದರೆ, ಮೊದಲು ಈ ಎರಡು ಪರೀಕ್ಷೆಗಳನ್ನು ಎದುರಿಗೇ ಮಾಡಿ ತೋರಿಸಲು ಕೇಳಿ.