ದಿನಾ ಬೆಳಿಗ್ಗೆ 11ಕ್ಕೆ ಬರಬೇಕಾದ ಫೈಲ್

‘ಪ್ರತಿದಿನದ ಹಾಲು ಶೇಖರಣೆಯ ಮಾಹಿತಿಯನ್ನು ದಯವಿಟ್ಟು ಕಳುಹಿಸಿಕೊಡುವುದು.’ ಹಾಲು ಒಕ್ಕೂಟದ ಶೇಖರಣಾ ವಿಭಾಗದಿಂದ ಐಟಿ ವಿಭಾಗಕ್ಕೆ ಇಂಥದೊಂದು ಪತ್ರ ಹೋಯಿತು ಎಂದುಕೊಳ್ಳಿ. ಓದಲು ಏನೂ ತೊಡಕಿಲ್ಲ. ಆದರೆ ಇದನ್ನು ಕೈಯಲ್ಲಿ ಹಿಡಿದ ಐಟಿ ಸಿಬ್ಬಂದಿಗೆ ಕೆಲಸ ಶುರುಮಾಡಲು ಬರುವುದಿಲ್ಲ. ರೈತರ ಲೆಕ್ಕವೋ, ಸಂಘದ ಲೆಕ್ಕವೋ? ಹಾಲು ಲೀಟರಿನಲ್ಲೋ, ಕೆ.ಜಿ.ಯಲ್ಲೋ? ‘ಪ್ರತಿದಿನ’ ಎಂದರೆ ಎಷ್ಟು ಗಂಟೆಗೆ, ಯಾವ ದಿನದ್ದು? ಉತ್ತರ ಸಿಗದಿದ್ದಾಗ ಅವರು ತಮಗೆ ತೋಚಿದ್ದನ್ನು ಕಳಿಸುತ್ತಾರೆ. ಕೇಳಿದವರು ಅದನ್ನೇ ನಂಬಿ ವರದಿ ಬರೆಯುತ್ತಾರೆ.

ಶೇಖರಣಾ ವಿಭಾಗಕ್ಕೆ ನಿಜವಾಗಿ ತಿಳಿಯಬೇಕಿರುವುದು ಒಂದೇ ಸಂಗತಿ: ಯಾವ ಹಳ್ಳಿಯ ಡೇರಿಯಲ್ಲಿ ಹಾಲು ಅಥವಾ ಫ್ಯಾಟು ಇಳಿಯುತ್ತಿದೆ. ಇದು ಗೊತ್ತಾದರೆ ವಿಸ್ತರಣಾಧಿಕಾರಿಯನ್ನು ಯಾವ ಊರಿಗೆ ಕಳಿಸಬೇಕೆಂದು ಬೆಳಿಗ್ಗೆಯೇ ತೀರ್ಮಾನವಾಗುತ್ತದೆ. ಪತ್ರದಲ್ಲಿ ಮೊದಲು ಬರಬೇಕಾದದ್ದು ಈ ಉದ್ದೇಶವೇ. ಮಿಕ್ಕ ವಿವರಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಉದ್ದೇಶದ ಬೆನ್ನಿಗೇ, ಫೈಲಿನ ಒಂದು ಸಾಲು ಏನನ್ನು ಹೇಳುತ್ತದೆ ಎಂಬುದನ್ನು ಬರೆಯಬೇಕು. ಇಲ್ಲಿ ಒಂದು ಸಾಲು ಎಂದರೆ ಒಂದು ಸಂಘದ, ಒಂದು ದಿನದ, ಒಂದು ಪಾಳಿಯ ಹಾಲು. ಈ ಮೂರೂ ಸೇರಿದ ಸಾಲು ಫೈಲಿನಲ್ಲಿ ಒಂದೇ ಸಲ ಬರಬೇಕು. ಎರಡು ಸಲ ಬಂದರೆ ಎಲ್ಲೋ ತಪ್ಪಾಗಿದೆ. ಒಕ್ಕೂಟದಲ್ಲಿ 900 ಸಂಘಗಳಿದ್ದರೆ ಬೆಳಿಗ್ಗೆ, ಸಂಜೆ ಸೇರಿ ದಿನಕ್ಕೆ 1,800 ಸಾಲು. ಸಂಘಕ್ಕೆ ನೂರು ರೈತರಂತೆ ರೈತವಾರು ಕೇಳಿದರೆ ಅದೇ 1,80,000 ಸಾಲಾಗುತ್ತದೆ. ಸಂಘದ ಏರಿಳಿತ ನೋಡಲು ಅಷ್ಟು ಬೇಕಿಲ್ಲ.

ಇನ್ನು ಕಾಲಂಗಳು. ‘ಸರಾಸರಿ ಫ್ಯಾಟು’ ಎಂದಷ್ಟೇ ಬರೆದರೆ ಏನಾಗುತ್ತದೆ ನೋಡಿ. ಒಬ್ಬ ರೈತ 6 ಫ್ಯಾಟಿನ 2 ಲೀಟರ್ ಎಮ್ಮೆ ಹಾಲು ಹಾಕುತ್ತಾನೆ, ಇನ್ನೊಬ್ಬ 3.6 ಫ್ಯಾಟಿನ 10 ಲೀಟರ್ ಹಸುವಿನ ಹಾಲು ಹಾಕುತ್ತಾನೆ. ಎರಡು ಅಂಕಿ ಕೂಡಿ ಅರ್ಧ ಮಾಡಿದರೆ 4.8 ಬರುತ್ತದೆ. ಕ್ಯಾನಿನಲ್ಲಿ ಬೆರೆತ ಹಾಲಿನ ಫ್ಯಾಟು ಅದಲ್ಲ. ಲೀಟರಿನಿಂದ ಫ್ಯಾಟನ್ನು ಗುಣಿಸಿ, ಒಟ್ಟುಗೂಡಿಸಿ, ಒಟ್ಟು ಲೀಟರಿನಿಂದ ಭಾಗಿಸಿದರೆ 48 ಭಾಗಿಸು 12, ಅಂದರೆ 4.0. ಮೊದಲ ಲೆಕ್ಕದ ಫೈಲನ್ನು ಡೇರಿಗೆ ಬಂದ ಹಾಲಿನ ಪರೀಕ್ಷೆಯ ಜೊತೆ ಹೋಲಿಸಿದರೆ, ತಪ್ಪಿಲ್ಲದ ಸಂಘದ ಕಾರ್ಯದರ್ಶಿಯ ಮೇಲೆ ಅನುಮಾನ ಬರುತ್ತದೆ. ಹಾಗಾಗಿ ಕಾಲಂನ ಹೆಸರಿನ ಪಕ್ಕದಲ್ಲೇ ಲೆಕ್ಕದ ವಿಧಾನವನ್ನೂ ಬರೆಯಲೇಬೇಕು. ಅಳತೆಯ ವಿಷಯವೂ ಹೀಗೆಯೇ: ಸಾವಿರ ಲೀಟರ್ ಹಾಲು ಸುಮಾರು 1,030 ಕೆ.ಜಿ. ತೂಗುತ್ತದೆ. ಅರ್ಧ ಫೈಲು ಲೀಟರು, ಅರ್ಧ ಕೆ.ಜಿ. ಆದರೆ ಇಲ್ಲದ ಶೇಕಡಾ 3ರ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ.

ಸಂಘವನ್ನು ಹೆಸರಿನಿಂದ ಕೇಳಬಾರದು, ಕೋಡ್‌ನಿಂದ ಕೇಳಬೇಕು. ನಮ್ಮಲ್ಲಿ ಹೊಸಹಳ್ಳಿಗಳಿಗೆ ಲೆಕ್ಕವಿಲ್ಲ. ಕೋಡ್ 0457 ಎಂದಿದ್ದರೆ ಮುಂದಿನ ಸೊನ್ನೆಯೂ ಅದರ ಭಾಗ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಆ ಸೊನ್ನೆ ಹಾರಿಹೋಗಿ 457 ಉಳಿಯುತ್ತದೆ. ಆಮೇಲೆ ಸಂಘಗಳ ಪಟ್ಟಿಯ ಜೊತೆ ತಾಳೆಯಾಗುವುದಿಲ್ಲ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಫೈಲನ್ನು ಒಳತಂದು, ಆ ಕಾಲಂ ಅನ್ನು ಪಠ್ಯ ಎಂದು ಗುರುತಿಸಿದರೆ ಸೊನ್ನೆ ಉಳಿಯುತ್ತದೆ. ದಿನಾಂಕಕ್ಕೂ ಒಂದೇ ರೂಪ ಗೊತ್ತುಮಾಡಬೇಕು. 03/04 ಎಂಬುದನ್ನು ಒಂದು ಕಂಪ್ಯೂಟರ್ ಏಪ್ರಿಲ್ 3 ಎಂದು ಓದಿದರೆ ಇನ್ನೊಂದು ಮಾರ್ಚ್ 4 ಎನ್ನುತ್ತದೆ. ವರ್ಷ ಮೊದಲು ಬರೆದರೆ ಈ ಗೊಂದಲವಿಲ್ಲ.

ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸವನ್ನು ಬಹಳ ಜನ ಮರೆಯುತ್ತಾರೆ. ಡೇರಿಗೆ ರಜೆ ಇದ್ದರೆ ಹಾಲು ಸೊನ್ನೆ. ಹಾಲು ಬಂದಿದ್ದರೂ ನೆಟ್‌ವರ್ಕ್ ಸಿಗದೆ ಲೆಕ್ಕ ತಲುಪದಿದ್ದರೆ ಅದು ಸೊನ್ನೆಯಲ್ಲ, ಇನ್ನೂ ಗೊತ್ತಿಲ್ಲದ ಅಂಕಿ. ಎರಡಕ್ಕೂ 0 ಹಾಕಿದರೆ ಚೆನ್ನಾಗಿ ನಡೆಯುತ್ತಿರುವ ಸಂಘವೂ ಕುಸಿದಂತೆ ಕಾಣುತ್ತದೆ. ಇದಕ್ಕೆ ಸ್ಥಿತಿ ಎಂಬ ಕಾಲಂ ಬೇಕು. ಬರಬೇಕಾದ ಫೈಲ್ ಹೀಗಿರುತ್ತದೆ:

```
sangha_code,dinanka,paali,litre,fat,snf,sthiti
0457,2025-06-11,M,412.50,4.0,8.5,BANDIDE
0457,2025-06-11,E,,,,BANDILLA
0458,2025-06-11,E,0.00,,,RAJE
```

ವೇಳಾಪಟ್ಟಿಯನ್ನು ಹಳ್ಳಿಯ ಲಯ ನೋಡಿಯೇ ಗೊತ್ತುಮಾಡಬೇಕು. ಸಂಜೆಯ ಹಾಲಿನ ಲೆಕ್ಕ ಕೆಲವು ಸಂಘಗಳಿಂದ ಬಂದು ಸೇರುವುದು ಮರುದಿನ ಬೆಳಿಗ್ಗೆ. ರಾತ್ರಿ 12ಕ್ಕೇ ಫೈಲ್ ತೆಗೆದರೆ ದೂರದ ಊರುಗಳು ದಿನವೂ ಬಿಟ್ಟುಹೋಗುತ್ತವೆ. ಬೆಳಿಗ್ಗೆ 11ಕ್ಕೆ, ಹಿಂದಿನ ದಿನದ ಎರಡೂ ಪಾಳಿಗಳದ್ದು ಎಂದು ಕೇಳುವುದು ವಾಸಿ. ಹಳೆಯ ಅಂಕಿಗಳ ತಿದ್ದುಪಡಿಯೂ ಇರುತ್ತದೆ. ಆದ್ದರಿಂದ ಪ್ರತಿ ಫೈಲಿನಲ್ಲಿ ಹಿಂದಿನ 7 ದಿನಗಳನ್ನು ಮತ್ತೆ ಕಳಿಸಲಿ, ಪಡೆದವರು ಹಳೆಯದನ್ನು ತೆಗೆದು ಹೊಸದನ್ನು ಇಟ್ಟುಕೊಳ್ಳಲಿ. ಆಗ ಫೈಲಿಗೆ 12,600 ಸಾಲು. ಇವತ್ತಿನ ಕಂಪ್ಯೂಟರಿಗೆ ಇದು ಭಾರವಲ್ಲ. ಒಂದು ದಿನದ ಫೈಲ್ ತಪ್ಪಿದರೂ ಮರುದಿನದ್ದು ಅದನ್ನು ತುಂಬಿಕೊಡುತ್ತದೆ.

ಇಷ್ಟನ್ನು ಒಂದು ಪುಟದಲ್ಲಿ ಹೀಗೆ ಬರೆಯಬಹುದು:

ಮಾನ್ಯರೇ,

ವಿಷಯ: ಸಂಘವಾರು ಹಾಲು ಶೇಖರಣೆಯ ದೈನಂದಿನ ಫೈಲ್ ಒದಗಿಸುವ ಬಗ್ಗೆ.

ಹಾಲಿನ ಪ್ರಮಾಣ ಮತ್ತು ಫ್ಯಾಟು ಇಳಿದ ಸಂಘಗಳನ್ನು ಅಂದಂದೇ ಗುರುತಿಸಲು ಈ ಮಾಹಿತಿ ಬೇಕಾಗಿದೆ. ಒಂದು ಸಂಘ, ಒಂದು ದಿನ, ಒಂದು ಪಾಳಿಗೆ ಒಂದು ಸಾಲಿನಂತೆ, ಚಾಲ್ತಿಯಲ್ಲಿರುವ ಎಲ್ಲ ಸಂಘಗಳೂ ಇರಲಿ. ಕಾಲಂಗಳು ಲಗತ್ತಿಸಿದ ಮಾದರಿಯ ಕ್ರಮದಲ್ಲೇ ಇರಲಿ. ಹಾಲು ಲೀಟರಿನಲ್ಲಿ, ಫ್ಯಾಟು ಮತ್ತು ಎಸ್‌ಎನ್‌ಎಫ್ ಲೀಟರಿಗೆ ತಕ್ಕ ಸರಾಸರಿ. ಪ್ರತಿದಿನ, ಭಾನುವಾರ ಮತ್ತು ರಜಾದಿನಗಳೂ ಸೇರಿ, ಬೆಳಿಗ್ಗೆ 11ಕ್ಕೆ ಹಿಂದಿನ 7 ದಿನಗಳ ಲೆಕ್ಕವನ್ನು ಸಿಎಸ್‌ವಿ ರೂಪದಲ್ಲಿ ನಮ್ಮ ವಿಭಾಗದ ಫೋಲ್ಡರಿಗೆ ಹಾಕುವುದು. ಫೈಲಿನ ಹೆಸರಿನಲ್ಲಿ ತೆಗೆದ ದಿನಾಂಕವಿರಲಿ. ಸಾಲುಗಳ ಸಂಖ್ಯೆ ಮತ್ತು ಒಟ್ಟು ಲೀಟರ್ ಪ್ರತ್ಯೇಕ ಸಣ್ಣ ಫೈಲಿನಲ್ಲಿ ಬರಲಿ. ಕಾಲಂ ಬದಲಾಗುವುದಿದ್ದರೆ 15 ದಿನ ಮುಂಚೆ ತಿಳಿಸುವುದು. ರೈತರ ಹೆಸರು, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಬೇಕಾಗಿಲ್ಲ. ಈ ವ್ಯವಸ್ಥೆ 2026ರ ಮಾರ್ಚ್ 31ರವರೆಗೆ; ಮುಂದುವರಿಸುವುದಿದ್ದರೆ ಮತ್ತೆ ಪತ್ರ ಬರೆಯಲಾಗುವುದು.

ತಮ್ಮ ವಿಶ್ವಾಸಿ,
ಶೇಖರಣಾ ವಿಭಾಗ

ಸಣ್ಣ ಫೈಲನ್ನು ಯಾಕೆ ಕೇಳಿದ್ದೆಂದರೆ, ಫೈಲು ಅರ್ಧಕ್ಕೇ ನಿಂತರೂ ಅದು ತೆರೆಯುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ. ಸಾಲಿನ ಸಂಖ್ಯೆ ತಾಳೆ ನೋಡಿದಾಗಲೇ ಕೊರತೆ ತಿಳಿಯುವುದು. ‘ಬೇಕಾಗಿಲ್ಲ’ ಎಂಬ ಸಾಲೂ ಅಷ್ಟೇ ಮುಖ್ಯ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದು 2023ರಲ್ಲಿ ದೇಶದಲ್ಲಿ ಕಾನೂನೇ ಆಗಿದೆ. ಅದು ಹಾಗಿರಲಿ, ರೈತನ ಖಾತೆ ಸಂಖ್ಯೆ ದಿನವೂ ಒಂದು ಫೋಲ್ಡರಿಗೆ ಬಂದು ಬೀಳುವುದು ರೈತನಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕೊನೆಯ ದಿನಾಂಕವಿಲ್ಲದಿದ್ದರೆ, ಕೇಳಿದವರು ವರ್ಗವಾಗಿ ಹೋದ ಮೇಲೂ ಫೈಲುಗಳು ಬರುತ್ತಲೇ ಇರುತ್ತವೆ.

ಇಂಥ ಪತ್ರವೂ ಎಲ್ಲವನ್ನೂ ಸರಿಮಾಡುವುದಿಲ್ಲ. ಡೇರಿಯ ಫ್ಯಾಟು ಅಳೆಯುವ ಯಂತ್ರವೇ ತಪ್ಪು ತೋರಿಸುತ್ತಿದ್ದರೆ ಫೈಲು ಆ ತಪ್ಪನ್ನೇ ಸಮಯಕ್ಕೆ ಸರಿಯಾಗಿ ತಂದುಕೊಡುತ್ತದೆ. ದಿನದ ವ್ಯವಸ್ಥೆ ಶುರುವಾಗುವ ಮುಂಚೆ ಒಂದೇ ಒಂದು ದಿನದ ಮಾದರಿ ಫೈಲ್ ಕೇಳಿ ತರಿಸಿಕೊಳ್ಳಿ. ಹತ್ತಿರದ ಎರಡು ಮೂರು ಸಂಘಗಳಿಗೆ ಹೋಗಿ, ಕಾರ್ಯದರ್ಶಿಯ ಪುಸ್ತಕದಲ್ಲಿರುವ ಆ ದಿನದ ಲೀಟರು, ಫ್ಯಾಟುಗಳ ಜೊತೆ ಒಂದೊಂದು ಅಂಕಿಯನ್ನೂ ತಾಳೆ ನೋಡಿ. ಸರಿಹೊಂದಿದ ಮೇಲೆ ಪತ್ರಕ್ಕೆ ಸಹಿ ಹಾಕಿ.