ಸಾಲು ಮುರಿದ ಕಡೆ ಉಸಿರು

ಅಮೆರಿಕದ ಎರಡು ಪುಟ್ಟ ಕವಿತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಬೇಕು. ಒಂದು, ವೈದ್ಯರಾಗಿದ್ದ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ 1923ರ 'ಸ್ಪ್ರಿಂಗ್ ಅಂಡ್ ಆಲ್' ಪುಸ್ತಕದಲ್ಲಿ ಪ್ರಕಟಿಸಿದ ಕೆಂಪು ಕೈಗಾಡಿಯ ಕವಿತೆ. ಇನ್ನೊಂದು, ಶಿಕಾಗೋದ ಗ್ವೆಂಡೊಲಿನ್ ಬ್ರೂಕ್ಸ್ 1959ರಲ್ಲಿ ಪ್ರಕಟಿಸಿದ, ಶಾಲೆ ಬಿಟ್ಟು ಪೂಲ್ ಆಡುವ ಹುಡುಗರ 'ವಿ ರಿಯಲ್ ಕೂಲ್'. ಎರಡರಲ್ಲೂ ಎಂಟೇ ಸಾಲು. ಎರಡರಲ್ಲೂ ಸಾಲುಗಳು ಎರಡೆರಡಾಗಿ ನಾಲ್ಕು ಕಡೆ ನಿಂತಿವೆ. ಎರಡರಲ್ಲೂ ಒಂದು ಸಾಲು ಮುಗಿದಾಗ ಮಾತು ಮುಗಿದಿರುವುದಿಲ್ಲ, ಮುಂದಿನ ಸಾಲಿಗೆ ಹಾಯುತ್ತದೆ. ಹೀಗೆ ಹಾಯುವುದಕ್ಕೆ ವಿಮರ್ಶಕರು ಎಂಜಾಂಬ್ಮೆಂಟ್ ಎನ್ನುತ್ತಾರೆ. ಇಷ್ಟೆಲ್ಲ ಹೋಲಿಕೆ ಇದ್ದರೂ ಮೊದಲನೆಯದನ್ನು ಓದಿದರೆ ಮನಸ್ಸು ತಣ್ಣಗಾಗುತ್ತದೆ, ಎರಡನೆಯದನ್ನು ಓದಿದರೆ ಏದುಸಿರು ಬರುತ್ತದೆ.

ಸಾಲು ಚಿಕ್ಕದಾದರೆ ಕವಿತೆ ಓಡುತ್ತದೆ, ಉದ್ದವಾದರೆ ನಿಧಾನವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈ ಎರಡು ಕವಿತೆಗಳನ್ನು ಓದಿದ ಮೇಲೆ ಅದನ್ನು ಒಪ್ಪುವುದು ಕಷ್ಟ. ವಾಕ್ಯವನ್ನು ಅದರ ಯಾವ ಗಂಟಿನಲ್ಲಿ ಮುರಿದಿದ್ದಾರೆ ಎಂಬುದೇ ವೇಗವನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಸಾಲಿನ ಉದ್ದ ಆ ಮುರಿತ ಎಷ್ಟು ಜೋರಾಗಿ ಕೇಳಬೇಕು ಎಂಬುದನ್ನು ಹೇಳುತ್ತದೆ. ಇದನ್ನು ಕನ್ನಡದಲ್ಲೇ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ನಮ್ಮ ವಾಕ್ಯದ ಗಂಟುಗಳು ಇಂಗ್ಲಿಷಿನವಲ್ಲ. ಇದಕ್ಕಾಗಿಯೇ ಹನ್ನೆರಡು ಪದಗಳ ಒಂದು ವಾಕ್ಯ ಕಟ್ಟಿದ್ದೇನೆ. ಮೊದಲು ಹೀಗೆ:

ಅಮ್ಮ ಕೊಡ ಇಳಿಸಿ
ಬಾಗಿಲ ಬಳಿ ನಿಂತು
ದಾರಿಯ ತುದಿಗೆ ಬಂದ
ಬಸ್ಸಿನ ದೀಪ ನೋಡಿದಳು

ಪ್ರತಿ ಸಾಲಿಗೂ ಮೂರು ಪದ. 'ಇಳಿಸಿ', 'ನಿಂತು' ಎರಡೂ ಒಂದೊಂದು ಕೆಲಸ ಮುಗಿಯಿತೆಂದು ಹೇಳುವ ಪದಗಳು. ವಾಕ್ಯ ಇನ್ನೂ ಬಾಕಿಯಿದೆ, ಆದರೆ ಒಂದು ಹೆಜ್ಜೆ ನೆಲ ಮುಟ್ಟಿದೆ. ಆಡುಮಾತಿನಲ್ಲೂ ನಾವು ಉಸಿರು ತೆಗೆದುಕೊಳ್ಳುವುದು ಇಂಥ ಕಡೆಯೇ. ಸಾಲು ಅಲ್ಲೇ ನಿಂತಿರುವುದರಿಂದ ಕಣ್ಣಿಗೂ ಉಸಿರಿಗೂ ಜಗಳವಿಲ್ಲ. ಮೂರನೆಯ ಸಾಲಿನ ಕೊನೆಯ 'ಬಂದ' ಮಾತ್ರ ಬೇರೆ. ಬಂದದ್ದು ಏನು ಎಂದು ಕೇಳುವಂತೆ ಮಾಡುವ ಪದ ಅದು, ಓದುಗರನ್ನು ತುಸು ಮುಂದಕ್ಕೆ ಎಳೆಯುತ್ತದೆ. ಅಷ್ಟು ಸೆಳೆತ ಇಲ್ಲಿ ಬೇಕು, ಇಲ್ಲದಿದ್ದರೆ ಪದ್ಯ ವರದಿಯಾಗುತ್ತದೆ. ಒಟ್ಟಿನಲ್ಲಿ ಈ ಅಮ್ಮ ದಿನವೂ ಇದೇ ಹೊತ್ತಿಗೆ ಇದೇ ಬಸ್ಸಿಗೆ ಕಾಯುವವಳು. ಈಗ ಅದೇ ಪದಗಳು, ಅದೇ ಕ್ರಮ:

ಅಮ್ಮ ಕೊಡ
ಇಳಿಸಿ ಬಾಗಿಲ
ಬಳಿ ನಿಂತು ದಾರಿಯ
ತುದಿಗೆ ಬಂದ ಬಸ್ಸಿನ
ದೀಪ ನೋಡಿದಳು

ಒಂದು ಪದವೂ ಬದಲಾಗಿಲ್ಲ, ಅಮ್ಮ ಬದಲಾಗಿದ್ದಾಳೆ. ಏನೋ ಆಗಿದೆ, ಬಸ್ಸಿನಲ್ಲಿ ಬರಬೇಕಾದವರು ಬಂದರೋ ಇಲ್ಲವೋ ಎಂಬ ಆತಂಕ ಅವಳ ಮೈಯಲ್ಲಿದೆ. 'ಬಾಗಿಲ', 'ದಾರಿಯ', 'ಬಸ್ಸಿನ' ಮೂರೂ ಷಷ್ಠೀ ವಿಭಕ್ತಿಯ ಪದಗಳು. ಮುಂದಿನ ಪದದ ಕೈ ಹಿಡಿಯದೆ ಅವಕ್ಕೆ ಅರ್ಥವೇ ಪೂರ್ತಿಯಾಗದು. ಅಂಥ ಪದ ಸಾಲಿನ ಅಂಚಿಗೆ ಬಂದಾಗ ನಿಲ್ಲಲು ನೆಲವಿರುವುದಿಲ್ಲ, ಓದುಗರು ಮುಂದಿನ ಸಾಲಿಗೆ ಬೀಳುತ್ತಾರೆ. ಉಸಿರಿಗೆ ಜಾಗ ಕೊಡುತ್ತಿದ್ದ 'ಇಳಿಸಿ', 'ನಿಂತು' ಈಗ ಸಾಲಿನ ಒಳಗೆ ಸೇರಿಕೊಂಡಿವೆ. ಅಲ್ಲಿ ಬಿಳಿ ಜಾಗವಿಲ್ಲ, ಕಣ್ಣು ಅವುಗಳನ್ನು ದಾಟಿಕೊಂಡು ಹೋಗುತ್ತದೆ. ನಿಲ್ಲಬಹುದಾದ ಕಡೆ ಬಿಡುವಿಲ್ಲ, ಬಿಡುವಿರುವ ಕಡೆ ನಿಲ್ಲಲು ಆಗದು. ಏದುಸಿರು ಹುಟ್ಟುವುದು ಈ ಎಳೆದಾಟದಲ್ಲಿ.

ಕನ್ನಡ ಇದಕ್ಕೆ ಬಹಳ ಒದಗಿಬರುವ ಭಾಷೆ ಎಂದು ನನಗೆ ಅನಿಸುತ್ತದೆ. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ, ಅಮ್ಮ ಕೊನೆಗೆ ಮಾಡಿದ್ದೇನು ಎಂಬುದು 'ನೋಡಿದಳು' ಬರುವವರೆಗೂ ತಿಳಿಯದು. ಆ ಕಾಯುವಿಕೆಯನ್ನು ವ್ಯಾಕರಣವೇ ಕೊಟ್ಟಿದೆ, ಕವಿ ಅದನ್ನು ಹಂಚಿದರೆ ಸಾಕು.

ಇನ್ನು ಸಾಲಿನ ಉದ್ದ. ಇದೇ ವಾಕ್ಯವನ್ನು 'ನಿಂತು' ಎಂಬಲ್ಲಿ ಮುರಿದು ಎರಡೇ ಸಾಲಿನಲ್ಲಿ ಬರೆದರೆ ಗದ್ಯದ ನಡಿಗೆ ಬರುತ್ತದೆ. 'ಕೊಡ', 'ದೀಪ' ಯಾವುದೂ ತಲೆಯೆತ್ತುವುದಿಲ್ಲ. ಚಿಕ್ಕ ಸಾಲಿನ ಮೊದಲ ಮತ್ತು ಕೊನೆಯ ಪದಕ್ಕೆ ಬಿಳಿ ಜಾಗದ ಪಕ್ಕ ಸಿಕ್ಕಿ ತೂಕ ಹೆಚ್ಚುತ್ತದೆ. ಎರಡು ಪದಗಳ ಸಾಲಿನಲ್ಲಂತೂ ಎರಡೂ ಅಂಚಿನವೇ. ಹಾಗೆಂದು ಪದಕ್ಕೊಂದು ಸಾಲು ಮಾಡಿ ಹನ್ನೆರಡು ಸಾಲಿಗೆ ಇಳಿಸಿದರೆ ಫಲ ತಲೆಕೆಳಗಾಗುತ್ತದೆ. 'ಬಾಗಿಲ' ಎಂಬಲ್ಲಿನ ಮುರಿತಕ್ಕೂ 'ನಿಂತು' ಎಂಬಲ್ಲಿನ ಮುರಿತಕ್ಕೂ ವ್ಯತ್ಯಾಸವೇ ಉಳಿಯದೆ ಕಿವಿ ಎರಡನ್ನೂ ಕೇಳಿಸಿಕೊಳ್ಳುವುದನ್ನು ಬಿಡುತ್ತದೆ. ಹೊಸಬರ ಕಿರುಗವಿತೆಗಳಲ್ಲಿ ಹೆಚ್ಚು ಕಾಣುವ ದೋಷ ಇದು.

ಉದ್ದದಿಂದ ಉಸಿರನ್ನು ಆಳುವುದು ನಮಗೆ ಹೊಸದೂ ಅಲ್ಲ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ 23. ಎರಡು ಗಿಡ್ಡ ಸಾಲುಗಳು ಮುಂದಕ್ಕೆ ತಳ್ಳುತ್ತವೆ, ಮೂರನೆಯದು ಹರಡಿಕೊಂಡು ಕೊನೆಯ ಗುರುವಿನ ಮೇಲೆ ನಿಲ್ಲುತ್ತದೆ. ಅಲ್ಲಿ ವಾಕ್ಯ ಸಾಲು ದಾಟಿದರೂ, ಪ್ರತಿ ಸಾಲಿನ ಎರಡನೆಯ ಅಕ್ಷರದ ಪ್ರಾಸ ಹೊಸ ಸಾಲು ಶುರುವಾಯಿತೆಂದು ಕಿವಿಗೆ ತಿಳಿಸುತ್ತದೆ. ಇಂದಿನ ಕಿರುಗವಿತೆಗೆ ಆ ಕಾವಲಿಲ್ಲ. ಅದಕ್ಕಿರುವುದು ಕಾಗದದ ಬಿಳಿ ಮತ್ತು ಓದುವವರ ದನಿ ಮಾತ್ರ, ಹಾಗಾಗಿ ಮುರಿತದ ಆಯ್ಕೆ ಇನ್ನಷ್ಟು ಸೂಕ್ಷ್ಮವಾಗಬೇಕು.

ಈಗ ಮೊದಲಿನ ಜೋಡಿ. ಬ್ರೂಕ್ಸ್ ಕವಿತೆಯಲ್ಲಿ ಮೂರು ಮೂರು ಪದಗಳ ಎಂಟು ವಾಕ್ಯಗಳಿವೆ. ಪ್ರತಿ ವಾಕ್ಯವೂ 'ನಾವು' ಎಂಬ ಕರ್ತೃಪದದಿಂದ ಶುರುವಾಗುತ್ತದೆ, ಮೊದಲನೆಯದನ್ನು ಬಿಟ್ಟು ಉಳಿದೆಲ್ಲ ಕಡೆ ಆ 'ನಾವು' ಹಿಂದಿನ ಸಾಲಿನ ತುದಿಯಲ್ಲಿದೆ. ಪೂರ್ಣವಿರಾಮ ಸಾಲಿನ ನಡುವೆ ಬೀಳುತ್ತದೆ. ವಾಕ್ಯ ಮುಗಿದಲ್ಲಿ ಬಿಡುವಿಲ್ಲ, ಬಿಡುವು ಬಂದಲ್ಲಿ ವಾಕ್ಯ ಆಗಷ್ಟೇ ಹುಟ್ಟಿದೆ. ನಮ್ಮ ಎರಡನೆಯ ಅಮ್ಮನ ಸ್ಥಿತಿಯೇ ಇದು. ಆ ಹುಡುಗರ ಜಂಬದ 'ನಾವು' ಅಂಚಿನಲ್ಲಿ ಒಂಟಿಯಾಗಿ ತೂಗಾಡುತ್ತದೆ. ಕೊನೆಯ ಸಾಲಿನ ತುದಿಯಲ್ಲಿ ಅದು ಇಲ್ಲವೇ ಇಲ್ಲ, ಅಲ್ಲಿ ಬರುವುದು ಸಾವಿನ ಮಾತು.

ವಿಲಿಯಮ್ಸ್ ಮುರಿದಿರುವುದು ಇದಕ್ಕಿಂತ ಬಿಗಿಯಾದ ಗಂಟುಗಳನ್ನು. ಕೈಗಾಡಿ ಎಂಬ ಒಂದೇ ಸಮಾಸಪದವನ್ನು ಎರಡು ಸಾಲಿಗೆ ಸೀಳಿದ್ದಾರೆ, ಮಳೆನೀರನ್ನೂ ಹಾಗೆಯೇ. ಆದರೂ ಓಟವಿಲ್ಲ. ಇಡೀ ಕವಿತೆ ಒಂದೇ ವಾಕ್ಯ, ಅದರ ಒಂದೇ ಮುಖ್ಯ ಕ್ರಿಯಾಪದ ಮೊದಲ ಸಾಲಿನಲ್ಲೇ ಬಂದುಹೋಗಿದೆ. ಆಮೇಲೆ ಏನಾಗುತ್ತದೋ ಎಂದು ಕಾಯಬೇಕಾದದ್ದೇನೂ ಇಲ್ಲ, ನೋಡುವುದಷ್ಟೇ ಉಳಿದಿದೆ. ಜೊತೆಗೆ ನಾಲ್ಕೂ ಜೋಡಿಗಳಲ್ಲಿ ಮೇಲಿನ ಸಾಲಿಗೆ ಮೂರು ಪದ, ಕೆಳಗಿನದಕ್ಕೆ ಒಂದು. ಎರಡು ಸಲ ಓದುವುದರೊಳಗೆ ಈ ಅಳತೆ ಮೈಗೆ ಹತ್ತುತ್ತದೆ. ಮುಂದಿನ ಮುರಿತ ಎಲ್ಲಿ ಬರುತ್ತದೆಂದು ಮೊದಲೇ ಗೊತ್ತಿರುವುದರಿಂದ ಬೀಳುವ ಭಯವಿಲ್ಲ. ಸೀಳಿದ ಪದ ಇಲ್ಲಿ ಕಣ್ಣನ್ನು ನಿಧಾನಿಸಿ ಗಾಲಿಯನ್ನು ಬೇರೆಯಾಗಿ, ಗಾಡಿಯನ್ನು ಬೇರೆಯಾಗಿ ತೋರಿಸುತ್ತದೆ. ಪದಕ್ಕೊಂದು ಸಾಲು ಮಾಡಿದಾಗ ಕಾಣದ ಏರಿಳಿತ ಈ ಮೂರು-ಒಂದರ ಲೆಕ್ಕದಲ್ಲಿದೆ.

ಒಂದು ಮುರಿತ ಬೇಕಿತ್ತೋ ಇಲ್ಲವೋ ಎಂದು ತಿಳಿಯಲು ಕವಿತೆಯನ್ನು ಗದ್ಯದಂತೆ ಒಂದೇ ಸಾಲಿನಲ್ಲಿ ಬರೆದು, ನೋಡದವರೊಬ್ಬರಿಗೆ ಎರಡೂ ರೂಪವನ್ನು ಓದಿ ಹೇಳಬಹುದು. ಕೇಳಿದವರಿಗೆ ಅಮ್ಮ ಎರಡರಲ್ಲೂ ಒಂದೇ ಥರ ಕಂಡರೆ ಮುರಿತ ದಂಡ. ಇದರಲ್ಲಿ ಓದುವವರ ಪಾಲೂ ದೊಡ್ಡದು. ಕವಿಗೋಷ್ಠಿಗಳಲ್ಲಿ ಕೆಲವರು ಪ್ರತಿ ಸಾಲಿನ ಕೊನೆಗೂ ದನಿ ಇಳಿಸಿ ವಾಕ್ಯವನ್ನು ಕೊಲ್ಲುತ್ತಾರೆ, ಇನ್ನು ಕೆಲವರು ಸಾಲೇ ಇಲ್ಲವೆಂಬಂತೆ ಓದಿಬಿಡುತ್ತಾರೆ. ಭಾವಗೀತೆಯಾಗಿ ಹಾಡಿದರೆ ತಾಳ ತನ್ನ ಲೆಕ್ಕವನ್ನೇ ನಡೆಸುತ್ತದೆ, ಸಾಲಿನ ಬಿಳಿ ಜಾಗವನ್ನು ಸ್ವರ ತುಂಬಿಬಿಡುತ್ತದೆ. 'ಇಳಿಸಿ ಬಾಗಿಲ' ಎಂದು ಓದುವಾಗ ಕೊನೆಯ ಪದದ ಮೇಲೆ ದನಿಯನ್ನು ಇಳಿಸದೆ, ಎಳೆಯದೆ, ಇದ್ದ ಎತ್ತರದಲ್ಲೇ ಅರೆಕ್ಷಣ ಹಿಡಿದು, ಉಸಿರು ತೆಗೆದುಕೊಳ್ಳದೆ 'ಬಳಿ ನಿಂತು' ಎಂದು ಮುಂದುವರಿಯಬೇಕು.