ರಾವಂದೂರಿನ 999 ರೂಪಾಯಿ ಕಾರ್ಡ್: ಜನ ತುಂಬಿದರೂ ಗಲ್ಲಾ ಯಾಕೆ ಖಾಲಿ?

ಪಿರಿಯಾಪಟ್ಟಣ ತಾಲೂಕಿನ ರಾವಂದೂರು ಹೊಗೆಸೊಪ್ಪಿನ ಸೀಮೆ. ಕಂಪಲಾಪುರದ ಹರಾಜು ಕಟ್ಟೆಯಲ್ಲಿ ಬೇಲ್‌ಗಳು ಮಾರಾಟವಾಗತೊಡಗಿದರೆ ಇಲ್ಲಿನ ಅಂಗಡಿ ಬೀದಿಗೂ ಜೀವ ಬರುತ್ತದೆ. ಬಟ್ಟೆ ಅಂಗಡಿ, ಚಿನ್ನದಂಗಡಿ, ಬೇಕರಿ ಎಲ್ಲ ಕಡೆ ಜನ. ಅಂಥದ್ದೇ ಒಂದು ಸೀಸನ್ನಿನಲ್ಲಿ, ಗಲ್ಫ್‌ನಿಂದ ಮರಳಿದ ನಮ್ಮ ಪರಿಚಯದ ಹುಡುಗನೊಬ್ಬ ಮಾಳಿಗೆ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದು ಕೂದಲು ಮತ್ತು ಚರ್ಮದ ಕ್ಲಿನಿಕ್ ತೆರೆದ. ಕೆಲಸಕ್ಕೆ ತರಬೇತಿ ಪಡೆದ ಇಬ್ಬರು ಹೆಣ್ಣುಮಕ್ಕಳು. ಭಾನುವಾರ ಭಾನುವಾರ ಮೈಸೂರಿನಿಂದ ಚರ್ಮರೋಗದ ಡಾಕ್ಟರು.

ತಿಂಗಳಿಗೆ 999 ರೂಪಾಯಿ ಕಟ್ಟಿದರೆ ಡಾಕ್ಟರ ಭೇಟಿ, ಮುಖದ ಕ್ಲೀನಪ್, ನೆತ್ತಿಯ ಆರೈಕೆ, ಜತೆಗೆ ಪೀಲ್, ಎಲ್ಲವೂ ಸೇರಿದ ಕಾರ್ಡ್ ಮಾಡಿದ್ದ. ನಲವತ್ತು ಮಂದಿ ಸೇರಿದರು. ಬೇಸಿಗೆ ಹೊತ್ತಿಗೆ ಫೋನ್ ಬಂತು. "ಕಾಕ, ಕುರ್ಚಿ ಖಾಲಿ ಇರೋದಿಲ್ಲ, ಆದ್ರೆ ಬಾಡಿಗೆ ಕೊಡ್ಲಿಕ್ಕೆ ಮನೆಯಿಂದ ದುಡ್ಡು ತರ್ತಾ ಇದ್ದೇನೆ. ಎಲ್ಲಿ ಹೋಗ್ತಾ ಇದೆ ಅಂತ ಗೊತ್ತಾಗ್ತಿಲ್ಲ." ಗಲ್ಫ್‌ನಲ್ಲಿ ಒಂಬತ್ತು ವರ್ಷ ದುಡಿದ ಉಳಿತಾಯ ಅದು. ಒಂದು ಸಂಜೆ ಅವನ ನೋಟ್‌ಪುಸ್ತಕ ಹರವಿ ಕುಳಿತೆವು. ಆ ಲೆಕ್ಕವನ್ನು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಇಲ್ಲಿ ಕೊಡುತ್ತಿದ್ದೇನೆ. ಊರು ಬದಲಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಒಂದು ಗಂಟೆಗೆ ಎಷ್ಟು ಬೀಳುತ್ತದೆ?

ಬಾಡಿಗೆ 9,000. ಇಬ್ಬರ ಸಂಬಳ 28,000. ಕರೆಂಟು, ನೀರು, ಟವೆಲ್ ಒಗೆತ, ಫೋನ್ ಸೇರಿ 5,000. ಮೂರು ಲಕ್ಷದ ಯಂತ್ರ ಐದು ವರ್ಷ ಬಾಳುತ್ತದೆ ಎಂದರೆ ಅದರ ಬದಲಿಗಾಗಿ ತಿಂಗಳಿಗೆ 5,000 ಎತ್ತಿಡಬೇಕು. ಇಷ್ಟನ್ನು ಅವನು ಬರೆದಿದ್ದ. ಬರೆಯದೇ ಬಿಟ್ಟದ್ದು ತನ್ನ ಸಂಬಳ. ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲೇ ಇರುವವನಿಗೆ 20,000 ಆದರೂ ಬೇಡವೇ? ಅದನ್ನೂ ಸೇರಿಸಿದರೆ 67,000 ಆಯಿತು. ಡಾಕ್ಟರಿಗೆ ನಾಲ್ಕು ಭಾನುವಾರಕ್ಕೆ 20,000 ಬೇರೆ. ಒಟ್ಟು 87,000.

ಇಬ್ಬರು ಕೆಲಸಗಾರರು ತಿಂಗಳಿಗೆ 26 ದಿನ, ದಿನಕ್ಕೆ ಏಳು ಗಂಟೆ ಎಂದರೆ 364 ಗಂಟೆ. ಆದರೆ ಅಷ್ಟೂ ಹೊತ್ತು ಯಾರಾದರೂ ಕುರ್ಚಿಯಲ್ಲಿ ಇರುವುದಿಲ್ಲ. ಮಧ್ಯಾಹ್ನ ಖಾಲಿ, ಸಂಜೆ ನೂಕುನುಗ್ಗಲು, ಹೇಳಿದ ಸಮಯಕ್ಕೆ ಬಾರದವರು ಕೆಲವರು. ನೂರಕ್ಕೆ ಅರವತ್ತು ಎಂದು ಹಿಡಿದರೆ 218 ಗಂಟೆ. 67,000ವನ್ನು 218ರಿಂದ ಭಾಗಿಸಿದರೆ ಕುರ್ಚಿಯ ಒಂದು ಗಂಟೆಗೆ ಸುಮಾರು 310 ರೂಪಾಯಿ ಬೀಳುತ್ತದೆ. ಡಾಕ್ಟರು ದಿನಕ್ಕೆ 20 ಜನರನ್ನು ನೋಡಿದರೆ ತಿಂಗಳಿಗೆ 80 ಭೇಟಿ, ಒಂದಕ್ಕೆ 250.

ಈಗ 999ರ ಕಾರ್ಡ್ ನೋಡಿ. ಡಾಕ್ಟರ ಭೇಟಿ 250. ಮುಕ್ಕಾಲು ಗಂಟೆಯ ಕ್ಲೀನಪ್‌ಗೆ ಕುರ್ಚಿ ಖರ್ಚು 232, ಸಾಮಾನು 80. ಮುಕ್ಕಾಲು ಗಂಟೆಯ ನೆತ್ತಿ ಆರೈಕೆಗೆ 232, ಸಾಮಾನು 120. ಅರ್ಧ ಗಂಟೆಯ ಪೀಲ್‌ಗೆ 155, ಸಾಮಾನು 150. ಕೂಡಿಸಿದರೆ 1,219. ಅಂದರೆ ಎಲ್ಲವನ್ನೂ ಒಂದೊಂದು ಸಲ ಮಾಡಿಸಿಕೊಂಡ ಸದಸ್ಯರೊಬ್ಬರ ಮೇಲೆ 220 ರೂಪಾಯಿ ಕೈಯಿಂದ ಹೋಯಿತು. "ಬೇಕಾದಷ್ಟು ಸಲ" ಎಂದು ಬರೆದಿದ್ದರಿಂದ ವಾರ ವಾರ ಬಂದವರ ಲೆಕ್ಕ ಹೇಳುವುದೇ ಬೇಡ.

"ಜಿಮ್‌ನವರಿಗೆ ಹೇಗೆ ಲಾಭ ಆಗ್ತದೆ ಮತ್ತೆ? ಕಟ್ಟಿದವರೆಲ್ಲ ಬರೋದಿಲ್ವಲ್ಲ" ಎಂದು ಕೇಳಿದ. ಸರಿಯಾದ ಪ್ರಶ್ನೆ. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ, ಬಾರದವರು ಮುಂದಿನ ತಿಂಗಳು ಕಟ್ಟುವುದಿಲ್ಲ. ಜತೆಗೆ "ದುಡ್ಡು ಹಾಳು" ಎಂದು ನಾಲ್ಕು ಜನರ ಹತ್ತಿರ ಹೇಳುತ್ತಾರೆ. ಬಾರದವರ ದುಡ್ಡಿನ ಮೇಲೆ ನಿಂತ ಕಾರ್ಡ್ ಇಲ್ಲಿ ಬಾಳುವುದಿಲ್ಲ. ಎಲ್ಲರೂ ಬರುತ್ತಾರೆ ಎಂದೇ ದರ ಕಟ್ಟಬೇಕು.

ಚಿಕಿತ್ಸೆ ಕಾರ್ಡಿನೊಳಗೆ ಬರಬಾರದು

ದರಕ್ಕಿಂತ ದೊಡ್ಡ ತಪ್ಪು ಕಾರ್ಡಿನೊಳಗೆ ಪೀಲ್ ಸೇರಿಸಿದ್ದು. ದುಡ್ಡು ಕಟ್ಟಾಗಿದೆ ಎಂದು ಚರ್ಮಕ್ಕೆ ಬೇಡದಿದ್ದರೂ ಜನ ಮಾಡಿಸಿಕೊಳ್ಳುತ್ತಾರೆ. ನಮ್ಮಂಥ ಕಂದು ಚರ್ಮಕ್ಕೆ ಪೀಲ್ ಜಾಸ್ತಿಯಾದರೆ, ಅದರ ಮೇಲೆ ಬಿಸಿಲಿಗೆ ಹೋದರೆ, ಕಲೆ ಹೋಗುವ ಬದಲು ಇನ್ನಷ್ಟು ಕಪ್ಪಾಗುತ್ತದೆ. ಹೊಲದಲ್ಲಿ ಕೆಲಸ ಮಾಡುವವರಿಗೆ ಈ ಅಪಾಯ ಹೆಚ್ಚು. ಪೀಲ್, ಲೇಸರ್, ಪಿಆರ್‌ಪಿ, ಔಷಧಿ ಇವೆಲ್ಲ ಡಾಕ್ಟರು ಬರೆದಾಗ ಮಾತ್ರ, ಬೇರೆ ಬಿಲ್ಲಿನಲ್ಲಿ ಇರಲಿ. ಕಾರ್ಡಿನಲ್ಲಿ ಇರಬೇಕಾದದ್ದು ತಿಂಗಳು ತಿಂಗಳು ನಿಜಕ್ಕೂ ಬೇಕಾಗುವ ಆರೈಕೆ ಮತ್ತು ನಿಗಾ ಮಾತ್ರ.

ಹೀಗೆ ಬೇರೆ ಮಾಡುವುದಕ್ಕೆ ತೆರಿಗೆಯ ಕಾರಣವೂ ಇದೆ. ರೋಗದ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಸೌಂದರ್ಯ ಸೇವೆಗೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ರಿಂದ ಶೇ. 5ಕ್ಕೆ ಇಳಿದಿದೆ, ಆದರೆ ಸಾಮಾನಿಗೆ ಕಟ್ಟಿದ ತೆರಿಗೆಯನ್ನು ಕಳೆಯಲು ಬರುವುದಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಕ್ಲಿನಿಕ್ ಸಾಮಾನ್ಯವಾಗಿ ನೋಂದಾಯಿಸಬೇಕಿಲ್ಲ. ದಾಟುವ ದಿನ ಬಂದರೆ ಎರಡು ಬಿಲ್ಲು ಇಟ್ಟವನಿಗೆ ತಲೆಬಿಸಿ ಕಡಿಮೆ. ಡಾಕ್ಟರು ಕೂತು ನೋಡುವ ಜಾಗಕ್ಕೆ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಬೇಕು ಎಂಬುದನ್ನೂ ಮರೆಯಬಾರದು.

ಕಾರ್ಡ್ ಯಾರಿಗೆ ಮಾರಬಾರದು ಎನ್ನುವುದೂ ಗೊತ್ತಿರಬೇಕು. ಹೆರಿಗೆಯಾಗಿ ಅಥವಾ ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಗೊಂಚಲಾಗಿ ಉದುರುವುದು ಸಾಮಾನ್ಯ. ಹೆಚ್ಚಿನವರಿಗೆ ಅದು ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಅಂಥವರಿಗೆ ಬೇಕಾದದ್ದು ಒಂದು ಭೇಟಿ, ರಕ್ತ ಕಡಿಮೆ ಇದೆಯೇ ಎಂಬ ಪರೀಕ್ಷೆ ಮತ್ತು ಧೈರ್ಯದ ಮಾತು. ಹುಳುಕಡ್ಡಿಗೆ ಮೆಡಿಕಲ್‌ನಿಂದ ಸ್ಟೀರಾಯ್ಡ್ ಮುಲಾಮು ತಂದು ಹಚ್ಚಿ ಹೆಚ್ಚು ಮಾಡಿಕೊಂಡು ಬಂದವರಿಗೂ ಬೇಕಾದದ್ದು ಔಷಧಿ, ಕಾರ್ಡ್ ಅಲ್ಲ.

749 ಬಂದದ್ದು ಹೀಗೆ

ಹೊಸ ಕಾರ್ಡನ್ನು ವಂಶಪಾರಂಪರ್ಯದ ಕೂದಲು ಉದುರುವಿಕೆಗೆ ಔಷಧಿ ತೆಗೆದುಕೊಳ್ಳುವವರಿಗಾಗಿ ಮಾಡಿದೆವು. ಮಿನಾಕ್ಸಿಡಿಲ್ ಹಚ್ಚಿದರೆ ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರುವುದುಂಟು. ಇದನ್ನು ಮೊದಲೇ ಹೇಳದಿದ್ದರೆ ಎರಡನೇ ತಿಂಗಳಿಗೇ ಸದಸ್ಯರು ಬಿಟ್ಟು ಹೋಗುತ್ತಾರೆ. ಆದ್ದರಿಂದ ಆರು ತಿಂಗಳ ಸುತ್ತು: ಒಂದನೇ, ಮೂರನೇ, ಆರನೇ ತಿಂಗಳಲ್ಲಿ ಡಾಕ್ಟರ ಭೇಟಿ, ತಿಂಗಳಿಗೊಂದು ನೆತ್ತಿ ಆರೈಕೆ, ತಿಂಗಳಿಗೊಮ್ಮೆ ಒಂದೇ ಬೆಳಕಲ್ಲಿ ಒಂದೇ ಕೋನದಲ್ಲಿ ಫೋಟೊ. ಹೆಣ್ಣುಮಕ್ಕಳ ಫೋಟೊವನ್ನು ಹೆಣ್ಣುಮಕ್ಕಳೇ ತೆಗೆದು ಕ್ಲಿನಿಕ್ಕಿನ ಕಂಪ್ಯೂಟರಿನಲ್ಲೇ ಇಡಬೇಕು, ಯಾರ ಸ್ವಂತ ಮೊಬೈಲಿನಲ್ಲೂ ಅಲ್ಲ. ಈ ಒಂದು ನಂಬಿಕೆ ಹೋದರೆ ಯಾವ ದರವೂ ಕ್ಲಿನಿಕ್ಕನ್ನು ಉಳಿಸುವುದಿಲ್ಲ.

ಖರ್ಚು: ಮೂರು ಭೇಟಿಯನ್ನು ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 125. ಆರೈಕೆ 352. ಫೋಟೊ ಮತ್ತು ನೆನಪಿಸುವ ಹತ್ತು ನಿಮಿಷಕ್ಕೆ 52. ಒಟ್ಟು 529. ಸಮಯ ತಪ್ಪಿಸುವವರು, ಹಾಳಾಗುವ ಸಾಮಾನು ಎಂದು ನೂರಕ್ಕೆ ಹತ್ತು ಸೇರಿಸಿ 582. ಮಾರುವ ದರದಲ್ಲಿ ಐದನೇ ಒಂದು ಪಾಲು ಉಳಿಯಬೇಕೆಂದರೆ 582ನ್ನು 0.8ರಿಂದ ಭಾಗಿಸಬೇಕು. 728 ಬಂತು. 749 ಇಟ್ಟೆವು.

ಇದನ್ನೇ ಬಿಡಿಯಾಗಿ ಮಾಡಿಸಿಕೊಂಡರೆ ಆರೈಕೆಗೆ 600, ಭೇಟಿಗೆ 400. ಎರಡು ತಿಂಗಳಿಗೊಂದು ಭೇಟಿಯ ಲೆಕ್ಕದಲ್ಲಿ ತಿಂಗಳಿಗೆ 800. ಸದಸ್ಯರಿಗೆ ಉಳಿಯುವುದು 51 ರೂಪಾಯಿ ಅಷ್ಟೇ. "ಇಷ್ಟು ಕಮ್ಮಿ ರಿಯಾಯಿತಿಗೆ ಯಾರು ಸೇರ್ತಾರೆ ಕಾಕ?" ಎಂದ. ಅವರು ಸೇರುವುದು ರಿಯಾಯಿತಿಗಲ್ಲ. ಕಾಯದೆ ಸಿಗುವ ಸಮಯಕ್ಕೆ, ಆರು ತಿಂಗಳ ಫೋಟೊ ಸಾಲಾಗಿ ಇಟ್ಟು ನೋಡುವುದಕ್ಕೆ. ಅರ್ಧ ದರಕ್ಕೆ ಬಂದವರು ಪಕ್ಕದ ಅಂಗಡಿಯಲ್ಲಿ ಕಾಲು ದರ ಕಂಡ ದಿನ ಹೋಗುತ್ತಾರೆ.

ಎಂಬತ್ತಕ್ಕೆ ನಿಲ್ಲಿಸಿ

ಕುರ್ಚಿಯ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಸದಸ್ಯರನ್ನು ಸೇರಿಸಬಹುದಿತ್ತು. ತಡೆ ಇರುವುದು ಭಾನುವಾರದಲ್ಲಿ. ಎಂಬತ್ತು ಸದಸ್ಯರೆಂದರೆ ತಿಂಗಳಿಗೆ 40 ಭೇಟಿ, ಡಾಕ್ಟರ ಸಮಯದ ಅರ್ಧ. ಉಳಿದರ್ಧ ಹೊಸಬರಿಗೆ ಬೇಕು. ಹೊಸ ರೋಗಿ ಮೂರು ವಾರ ಕಾಯುವಂತಾದರೆ ಅವನು ಹುಣಸೂರಿಗೋ ಮೈಸೂರಿಗೋ ಬಸ್ ಹತ್ತುತ್ತಾನೆ.

ಎಂಬತ್ತು ಸದಸ್ಯರಿಂದ 59,920 ಬರುತ್ತದೆ. ಸಾಮಾನು ಮತ್ತು ಸೋರಿಕೆ ಕಳೆದರೆ ಸುಮಾರು 46,000. ಉಳಿದ 40 ಭೇಟಿಯಿಂದ 16,000. ಆದರೂ 87,000ಕ್ಕೆ ಸುಮಾರು 25,000 ಕಡಿಮೆ. ಬಿಡಿ ಆರೈಕೆಯೊಂದರಲ್ಲಿ ಸಾಮಾನು ಕಳೆದು 480 ಉಳಿದರೆ ತಿಂಗಳಿಗೆ 52, ಅಂದರೆ ದಿನಕ್ಕೆ ಎರಡು ಬಿಡಿ ಗಿರಾಕಿ ಬೇಕು. ಕಾರ್ಡ್ ಒಂದರಿಂದಲೇ ಕ್ಲಿನಿಕ್ ನಡೆಯುವುದಿಲ್ಲ. ನಡೆಯಲು ದಿನಕ್ಕೆ ಇನ್ನೆಷ್ಟು ಗಿರಾಕಿ ಬೇಕು ಎಂದು ಅದು ತಿಳಿಸುತ್ತದೆ.

ಸೀಸನ್ನಿನ ದುಡ್ಡು

ಸಂಬಳದವರು ತಿಂಗಳು ತಿಂಗಳು ಕಟ್ಟಬಲ್ಲರು. ಹೊಗೆಸೊಪ್ಪು ಬೆಳೆಯುವವರ ಕೈಯಲ್ಲಿ ದುಡ್ಡು ಇರುವುದು ಹರಾಜಿನ ತಿಂಗಳುಗಳಲ್ಲಿ. ಅವರಿಗೆ ಆರು ತಿಂಗಳಿಗೆ ಒಟ್ಟಿಗೆ 4,200 ಎಂದು ಇಟ್ಟೆವು. ತಿಂಗಳಿಗೆ 700 ಆದರೂ 582ರ ಖರ್ಚಿನ ಮೇಲೆ 118 ಉಳಿಯುತ್ತದೆ.

ಅಪಾಯ ಇರುವುದು ಇಲ್ಲೇ. ಜನವರಿಯಲ್ಲಿ ನಲವತ್ತು ಮಂದಿ ಕಟ್ಟಿದರೆ ಒಮ್ಮೆಲೇ 1,68,000 ಕೈಗೆ ಬರುತ್ತದೆ. ಹೊಸ ಯಂತ್ರದ ಆಸೆ ಹುಟ್ಟುತ್ತದೆ. ಆದರೆ ಅದರಲ್ಲಿ ಜನವರಿಯ ದುಡಿಮೆ 28,000 ಮಾತ್ರ. ಉಳಿದ 1,40,000 ಇನ್ನೂ ಮಾಡದ ಕೆಲಸದ ದುಡ್ಡು, ಗಿರಾಕಿಯ ಅಮಾನತು. ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ 28,000 ಮಾತ್ರ ತೆಗೆಯಬೇಕು. ನಡುವೆ ಬಿಡುವವರಿಗೆ ಉಳಿದ ತಿಂಗಳಿನ ದುಡ್ಡು ವಾಪಸು ಎಂದು ರಸೀದಿಯಲ್ಲೇ ಬರೆದಿರಬೇಕು. ಉಪವಾಸದ ತಿಂಗಳಲ್ಲೋ ನಾಟಿ ಸಮಯದಲ್ಲೋ ಬರಲಾಗದವರಿಗೆ ಒಂದು ತಿಂಗಳು ಮುಂದೂಡುವ ಅವಕಾಶವೂ ಇರಲಿ.

ಪ್ರತಿ ತಿಂಗಳ ಕೊನೆಗೆ ಅವನು ನೋಡಬೇಕಾದ್ದು ಎರಡೇ. ಅಮಾನತು ಖಾತೆಯಲ್ಲಿ ಇರುವ ದುಡ್ಡು, ಬಾಕಿ ತಿಂಗಳುಗಳನ್ನು 700ರಿಂದ ಗುಣಿಸಿದ್ದಕ್ಕೆ ಸಮ ಇದೆಯೇ? ಕಡಿಮೆ ಇದ್ದರೆ ನಾಳಿನ ದುಡ್ಡು ಇಂದು ತಿಂದಂತೆ. ಎರಡನೆಯದು, ಮೂರನೇ ತಿಂಗಳ ಭೇಟಿಗೆ ಎಷ್ಟು ಜನ ಬಂದರು? ಅರ್ಧದಷ್ಟು ಜನ ಬಾರದಿದ್ದರೆ ತಪ್ಪು ದರದಲ್ಲಲ್ಲ, ಮೊದಲ ದಿನ ಹೇಳಿದ ಮಾತಿನಲ್ಲಿ.

ಹಳೆಯ ನಲವತ್ತು ಸದಸ್ಯರಿಗೆ ಏನು ಹೇಳುವುದು ಎಂಬುದು ಅವನ ಕೊನೆಯ ಪ್ರಶ್ನೆ. ಕಟ್ಟಿದ ತಿಂಗಳು ಮುಗಿಯುವವರೆಗೆ ಹಳೆಯ ಮಾತನ್ನೇ ಉಳಿಸಿಕೋ, ಪೀಲ್ ಮಾತ್ರ ಡಾಕ್ಟರು ಹೇಳಿದರಷ್ಟೇ ಮಾಡು, ಮುಂದಿನ ತಿಂಗಳಿಂದ ಹೊಸ ದರ ಎಂದು ಒಬ್ಬೊಬ್ಬರಿಗೂ ಕೂರಿಸಿ ಹೇಳು ಎಂದೆ. ಗೋಡೆಗೆ ಅಂಟಿಸಿದ್ದ 999ರ ಪೋಸ್ಟರನ್ನು ಅವನು ಅಂದು ರಾತ್ರಿಯೇ ತೆಗೆದ.